99.9 ಶೇಕಡಾ ಅಪ್‌ಟೈಮ್ ಎಂದರೆ ನಿಜವಾಗಿ ಎಷ್ಟು ಗಂಟೆ?

ಪ್ರಶ್ನೆ: ಹೋಸ್ಟಿಂಗ್ ಕಂಪನಿಯ ಎಸ್‌ಎಲ್‌ಎ ಎಂಬ ಸೇವಾ ಒಪ್ಪಂದದಲ್ಲಿ 99.9% ಅಪ್‌ಟೈಮ್ ಎಂದು ಬರೆದಿದೆ. ಅಂದರೆ ಸರ್ವರ್ ಎಷ್ಟು ಹೊತ್ತು ನಿಲ್ಲಬಹುದು?

ಉತ್ತರ: ವರ್ಷದ 8,760 ಗಂಟೆಗಳ ಸಾವಿರದಲ್ಲೊಂದು ಪಾಲು, ಅಂದರೆ ಸುಮಾರು 8 ಗಂಟೆ 46 ನಿಮಿಷ. ಇನ್ನೊಂದು ಒಂಬತ್ತು ಸೇರಿ 99.99% ಆದರೆ 53 ನಿಮಿಷಕ್ಕಿಂತ ಕಡಿಮೆ.

ಆದರೆ ಮೊದಲು ನೋಡಬೇಕಾದದ್ದು ಲೆಕ್ಕ ತಿಂಗಳಿಗೋ ವರ್ಷಕ್ಕೋ ಎಂಬುದನ್ನು. ತಿಂಗಳ ಲೆಕ್ಕವಾದರೆ 30 ದಿನಕ್ಕೆ ನಿಲ್ಲಲು ಇರುವ ಅವಕಾಶ 43 ನಿಮಿಷ ಮಾತ್ರ. ವರ್ಷದ ಲೆಕ್ಕವಾದರೆ, ಹಬ್ಬದ ವ್ಯಾಪಾರದ ದಿನ ಬೆಳಗಿನಿಂದ ಸಂಜೆಯವರೆಗೆ ಅಂಗಡಿ ಮುಚ್ಚಿದಂತಿದ್ದರೂ ಅವರು ಮಾತಿಗೆ ತಪ್ಪಿದಂತಾಗುವುದಿಲ್ಲ!

ನಮ್ಮ ಸರ್ವರ್ ಒಮ್ಮೆ ಒಂದೇ ತಿಂಗಳಲ್ಲಿ ಎರಡು ಗಂಟೆ ನಿಂತಿತ್ತು. 43,200 ನಿಮಿಷಗಳಲ್ಲಿ 120 ಹೋದರೆ 99.72%, ಒಪ್ಪಂದ ಮುರಿದದ್ದು ಖಚಿತ. ಆದರೆ ಅದರಲ್ಲಿ 90 ನಿಮಿಷ ‘ಮುಂಚೆ ತಿಳಿಸಿದ ನಿರ್ವಹಣೆ’ ಎಂದರು. ಅಂಥ ಸಮಯ ಲೆಕ್ಕಕ್ಕೆ ಬಾರದು ಎಂಬ ಷರತ್ತು ಒಪ್ಪಂದದಲ್ಲೇ ಇತ್ತು. ಉಳಿದ 30 ನಿಮಿಷ ಮಿತಿಯೊಳಗೇ ಬಿತ್ತು, ಪರಿಹಾರ ಸೊನ್ನೆ.

ಮಿತಿ ಮೀರಿದರೂ ಸಾಮಾನ್ಯವಾಗಿ ಸಿಗುವುದು ಮುಂದಿನ ಬಿಲ್ಲಿನಲ್ಲಿ ಕಡಿತ, ನಿಮ್ಮ ವ್ಯಾಪಾರದ ನಷ್ಟಕ್ಕೆ ಪರಿಹಾರವಲ್ಲ. ಅದನ್ನೂ ಹೆಚ್ಚಿನ ಕಡೆ ಗಡುವಿನೊಳಗೆ ನೀವೇ ಕೇಳಬೇಕು. ಹಾಗಾಗಿ ನಿಂತ ಸಮಯವನ್ನು ನಿಮ್ಮದೇ ನಿಗಾ ವ್ಯವಸ್ಥೆಯಲ್ಲಿ ದಾಖಲಿಸಿಡಿ.