ಅಂಗುಳದ ಗುಳ್ಳೆ ಒಡೆದು ಬೆಳ್ಳಗಾಗಿದೆ, ಇದು ಕೀವಾ?

ಪ್ರಶ್ನೆ: ಗದಗಿನ ಮಾರುಕಟ್ಟೆಯಲ್ಲಿ ಕೆಲಸ ಮಾಡುತ್ತೇನೆ, ಡಾಕ್ಟ್ರೇ. ಮೊನ್ನೆ ಬೆಳಗ್ಗೆ ಅವಸರದಲ್ಲಿ ಕುದಿಯುವ ಚಹಾ ಕುಡಿದೆ. ಮುಂದಿನ ಹಲ್ಲಿನ ಹಿಂದೆ, ಅಂಗುಳದಲ್ಲಿ ಗುಳ್ಳೆ ಎದ್ದಿತು. ನಿನ್ನೆ ರೊಟ್ಟಿ ತಿನ್ನುವಾಗ ಅದು ಒಡೆಯಿತು. ಇವತ್ತು ಆ ಜಾಗ ಬೆಳ್ಳಗಾಗಿದೆ, ಉರಿ ಬಹಳ ಇದೆ. ಕೀವು ತುಂಬಿದೆಯಾ? ಮನೆಯಲ್ಲಿ ಲವಂಗದ ಎಣ್ಣೆ ಹಚ್ಚು ಅಂತಾರೆ. ಎಲೆ-ಅಡಿಕೆ ಅಭ್ಯಾಸ ಇದೆ. ರೊಟ್ಟಿ, ಖಾರ ಇಲ್ಲದೆ ಊಟ ಇಳಿಯೋದಿಲ್ಲ. ಏನು ತಿನ್ನಲಿ?

ಉತ್ತರ: ನೀವು ಹೇಳಿದ್ದನ್ನು ನೋಡಿದರೆ ಅದು ಕೀವಲ್ಲ. ಗಾಯ ಮಾಯುವಾಗ ಬರುವ ಪೊರೆ. ಬಾಯೊಳಗಿನ ಸುಟ್ಟ ಗಾಯ ಮೂರನೇ ದಿನ ಸಾಮಾನ್ಯವಾಗಿ ಹೀಗೇ ಕಾಣುತ್ತದೆ. ಕೈ ಸುಟ್ಟರೆ ಗಾಯ ಒಣಗಿ ಮೇಲೆ ಹಕ್ಕಳೆ ಕಟ್ಟುತ್ತದೆ. ಬಾಯಿ ಯಾವಾಗಲೂ ಒದ್ದೆ ಇರುವುದರಿಂದ ಅಲ್ಲಿ ಹಕ್ಕಳೆ ಒಣಗುವುದಿಲ್ಲ. ಸತ್ತ ಮೇಲ್ಪದರ ಮತ್ತು ಗಾಯದಿಂದ ಜಿನುಗಿದ ರಸ ಸೇರಿ ಬಿಳಿ ಅಥವಾ ತಿಳಿ ಹಳದಿ ಪೊರೆಯಾಗಿ ಅಂಟಿಕೊಳ್ಳುತ್ತದೆ. ಅದರ ಅಡಿಯಲ್ಲಿ ಹೊಸ ಚರ್ಮ ಬೆಳೆಯುತ್ತಿರುತ್ತದೆ. ಹಾಗಾಗಿ ಆ ಪೊರೆಯನ್ನು ಬೆರಳಿನಿಂದ, ಬ್ರಷ್‌ನಿಂದ, ನಾಲಿಗೆಯ ತುದಿಯಿಂದ ಕೆರೆಯಬೇಡಿ. ನಾಲಿಗೆ ಪದೇ ಪದೇ ಅಲ್ಲಿಗೇ ಹೋಗುತ್ತದೆ, ಅದು ನನಗೆ ಗೊತ್ತು. ಆದರೂ ತಡೆಯಿರಿ. ಕಿತ್ತರೆ ಹಸಿ ಗಾಯ ಮತ್ತೆ ತೆರೆದುಕೊಂಡು, ಮಾಯುವುದು ಒಂದೆರಡು ದಿನ ಹಿಂದೆ ಬೀಳುತ್ತದೆ.

ನಿಜವಾಗಿ ಕೀವಾಗಿದ್ದರೆ ಗುರುತು ಬೇರೆ. ಪೊರೆ ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ, ಸುತ್ತ ಕೆಂಪು ಅಂಚು ಇರುತ್ತದೆ. ಕೀವಾದರೆ ಆ ಜಾಗ ಉಬ್ಬುತ್ತದೆ, ಒತ್ತಿದರೆ ದಪ್ಪ ದ್ರವ ಬರುತ್ತದೆ, ಬಾಯಿ ಕೆಟ್ಟ ವಾಸನೆ ಹೊಡೆಯುತ್ತದೆ. ಜ್ವರ ಬರಬಹುದು, ದವಡೆ ಕೆಳಗೆ ಗಂಟು ನೋಯಬಹುದು. ಎಲ್ಲಕ್ಕಿಂತ ನಂಬಬಹುದಾದ ಗುರುತು ನೋವಿನ ನಡೆ. ಸುಟ್ಟ ಗಾಯದ ನೋವು ಮೊದಲ ಎರಡು ಮೂರು ದಿನ ಜೋರಾಗಿದ್ದು ಆಮೇಲೆ ದಿನದಿಂದ ದಿನಕ್ಕೆ ಇಳಿಯಬೇಕು. ನಾಳೆ, ನಾಡಿದ್ದು ನೋವು ಇಳಿಯದೆ ಏರುತ್ತಾ ಹೋದರೆ ಕಾಯಬೇಡಿ, ದಂತವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದವರಿಗೆ ಗಾಯ ನಿಧಾನ ಮಾಯುತ್ತದೆ, ಸೋಂಕೂ ಬೇಗ ಹಿಡಿಯುತ್ತದೆ. ಅವರು ಇನ್ನೂ ಬೇಗ ತೋರಿಸಬೇಕು.

ನಾಲಿಗೆಗಿಂತ ಅಂಗುಳದಲ್ಲೇ ಗುಳ್ಳೆ ಇಷ್ಟು ಯಾಕೆ ನೋಯುತ್ತದೆ ಅಂತ ಬಹಳ ಜನ ಕೇಳುತ್ತಾರೆ. ಕೆನ್ನೆಯ ಒಳಭಾಗವನ್ನು ನಾಲಿಗೆಯಿಂದ ತಳ್ಳಿ ನೋಡಿ, ಚರ್ಮ ಜರುಗುತ್ತದೆ. ಮುಂದಿನ ಹಲ್ಲಿನ ಹಿಂದೆ ಏರುಪೇರಾದ ಗೆರೆಗಳು ನಾಲಿಗೆಗೆ ಸಿಗುತ್ತವಲ್ಲ, ಅಲ್ಲಿ ತಳ್ಳಿದರೆ ಚರ್ಮ ಅಲುಗುವುದೇ ಇಲ್ಲ. ಅದು ಕೆಳಗಿನ ಎಲುಬಿಗೆ ಬಿಗಿಯಾಗಿ ಅಂಟಿಕೊಂಡಿದೆ. ಅಲ್ಲಿ ನೀರು ತುಂಬಿ ಗುಳ್ಳೆ ಎದ್ದರೆ ಹಿಗ್ಗಲು ಜಾಗವಿಲ್ಲ, ಅದಕ್ಕೇ ಬಿಗಿತ ಮತ್ತು ನೋವು ಜಾಸ್ತಿ. ಜೊತೆಗೆ ಬಿಸಿ ಗುಟುಕು ಬಾಯಿಗೆ ಬಿದ್ದಾಗ ನುಂಗಲು ನಾಲಿಗೆ ಅದನ್ನು ಮೇಲಕ್ಕೆ ಒತ್ತುತ್ತದೆ. ಆ ಒತ್ತು ಬೀಳುವುದು ಅಂಗುಳದ ಮೇಲೆಯೇ.

ಸುಟ್ಟ ಕ್ಷಣದಲ್ಲಿ ಮಾಡಬೇಕಾದದ್ದು ಒಂದೇ. ತಣ್ಣೀರು ಬಾಯಲ್ಲಿ ಹಿಡಿದು, ಉಗುಳಿ, ಮತ್ತೆ ಹಿಡಿದು, ಸುಮಾರು ಹತ್ತು ನಿಮಿಷ ಹಾಗೇ ಮಾಡುವುದು. ಐಸ್ ತುಂಡನ್ನು ಗಾಯಕ್ಕೆ ಒತ್ತಿ ಹಿಡಿಯಬಾರದು, ಅತಿ ತಂಪು ಕೂಡ ಚರ್ಮ ಕೆಡಿಸುತ್ತದೆ. ನಿಮಗೆ ಆ ಹೊತ್ತು ದಾಟಿದೆ. ಈಗ ತಣ್ಣೀರು ಉರಿ ತಗ್ಗಿಸಬಹುದು, ಆಗಿರುವ ಗಾಯವನ್ನು ಚಿಕ್ಕದು ಮಾಡುವುದಿಲ್ಲ.

ಈಗ ಬೇಕಾದದ್ದು ಗಾಯ ಸ್ವಚ್ಛವಾಗಿರುವುದು, ಅಷ್ಟೇ. ಒಂದು ದೊಡ್ಡ ಲೋಟ, ಅಂದರೆ ಸುಮಾರು 250 ಮಿ.ಲೀ. ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ಕರಗಿಸಿ. ಪ್ರತಿ ಊಟದ ನಂತರ ಮತ್ತು ಮಲಗುವ ಮುಂಚೆ ಒಂದೊಂದು ಗುಟುಕನ್ನು ಅರ್ಧ ನಿಮಿಷ ಬಾಯಲ್ಲಿ ಮೆಲ್ಲಗೆ ಆಡಿಸಿ ಉಗುಳಿ. ಜೋರಾಗಿ ಮುಕ್ಕಳಿಸಬೇಡಿ. ಉರಿ ಹೆಚ್ಚಾದರೆ ಉಪ್ಪು ಅರ್ಧ ಮಾಡಿ. ಹೆಚ್ಚು ಉಪ್ಪು ಹಾಕಿದರೆ ಬೇಗ ಮಾಯುತ್ತದೆ ಅನ್ನುವುದು ತಪ್ಪು, ಗಾಯ ಇನ್ನಷ್ಟು ಕೆರಳುತ್ತದೆ. ಹಲ್ಲು ತಿಕ್ಕುವುದನ್ನು ಬಿಡಬೇಡಿ, ಬ್ರಷ್ ಆ ಜಾಗಕ್ಕೆ ತಾಗದಿದ್ದರೆ ಸಾಕು. ಬಾಟಲಿಯ ಮೌತ್‌ವಾಷ್‌ನಲ್ಲಿ ಆಲ್ಕೋಹಾಲ್ ಇದ್ದರೆ ಈ ವಾರ ಬೇಡ.

ಲವಂಗದ ಎಣ್ಣೆ ಖಂಡಿತ ಬೇಡ. ಹುಳುಕು ಹಲ್ಲಿನ ನೋವಿಗೆ ಅದು ಉಪಯೋಗಕ್ಕೆ ಬರುತ್ತದೆ, ಒಪ್ಪುತ್ತೇನೆ. ಆದರೆ ಹಸಿ ಗಾಯದ ಮೇಲೆ ಬಿದ್ದರೆ ಅದೇ ಇನ್ನೊಂದು ಸುಟ್ಟ ಗಾಯ ಮಾಡುತ್ತದೆ. ಆಸ್ಪಿರಿನ್ ಮಾತ್ರೆಯನ್ನು ನೋವಿರುವ ಜಾಗಕ್ಕೆ ಒತ್ತಿ ಇಟ್ಟುಕೊಂಡು ಬರುವವರನ್ನೂ ನೋಡುತ್ತೇವೆ. ಮಾತ್ರೆ ಕರಗಿದ ಕಡೆಯೆಲ್ಲ ಚರ್ಮ ಬೆಳ್ಳಗೆ ಸುಲಿದಿರುತ್ತದೆ. ನೋವಿಗೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಒಂದು ಮಾತ್ರೆ ನುಂಗಿದರೆ ಸಾಕು. ಊಟಕ್ಕೆ ಅರ್ಧ ಗಂಟೆ ಮುಂಚೆ ತಗೊಂಡರೆ ತಿನ್ನುವಾಗ ಉರಿ ತಡೆದುಕೊಳ್ಳಬಹುದು. ಎರಡು ಮಾತ್ರೆಗಳ ನಡುವೆ ಆರು ಗಂಟೆ ಬಿಡಿ. ಲಿವರ್ ತೊಂದರೆ ಇದ್ದವರು, ದಿನಾ ಕುಡಿಯುವವರು ವೈದ್ಯರನ್ನು ಕೇಳಿಯೇ ತಗೊಳ್ಳಬೇಕು. ಮರಗಟ್ಟಿಸುವ ಜೆಲ್ ದೊಡ್ಡವರು ಚೂರು ಹಚ್ಚಿಕೊಳ್ಳಬಹುದು. ಅದನ್ನು ಹಚ್ಚಿದ ತಕ್ಷಣ ಬಿಸಿ ತಿನ್ನಬೇಡಿ. ಬಿಸಿ ಗೊತ್ತಾಗದೆ ಅದೇ ಜಾಗ ಮತ್ತೆ ಸುಡುತ್ತದೆ. ಮಕ್ಕಳಿಗೆ ಮಾತ್ರ ವೈದ್ಯರು ಹೇಳದೆ ಇಂಥ ಯಾವ ಜೆಲ್ಲನ್ನೂ ಹಚ್ಚಬೇಡಿ.

ಊಟದ ವಿಷಯಕ್ಕೆ ಬರೋಣ, ನಿಮ್ಮ ಗುಳ್ಳೆ ಒಡೆದದ್ದೇ ಅಲ್ಲಿ. ಕಟಕ್ ರೊಟ್ಟಿಯನ್ನು ಕಚ್ಚಿದಾಗ ಮುರಿದ ಅಂಚು ಮೊದಲು ತಾಗುವುದು ಮುಂದಿನ ಹಲ್ಲಿನ ಹಿಂದಕ್ಕೇ. ಒಂದು ವಾರ ಅದನ್ನು ಮುಟ್ಟಬೇಡಿ. ಜೋಳವನ್ನೇ ಬಿಡಬೇಕಿಲ್ಲ. ಹಂಚಿನಿಂದ ಈಗಷ್ಟೇ ತೆಗೆದ ಮೆತ್ತನೆಯ ರೊಟ್ಟಿಯನ್ನು ಚೂರು ಮಾಡಿ, ಬೆಚ್ಚಗಿನ ಹಾಲಿನಲ್ಲಿ ಹತ್ತು ನಿಮಿಷ ನೆನೆಸಿ. ಬೆರಳಲ್ಲಿ ಹಿಸುಕಿದರೆ ಗಟ್ಟಿ ಅಂಚು ಸಿಗಬಾರದು, ಆಗ ತಿನ್ನಿ. ಜೋಳದ ನುಚ್ಚನ್ನು ಚೆನ್ನಾಗಿ ಬೇಯಿಸಿ, ಆರಿಸಿ, ಹುಳಿ ಇಲ್ಲದ ಮಜ್ಜಿಗೆ ಬೆರೆಸಿ ಉಂಡರೆ ಇನ್ನೂ ಒಳ್ಳೆಯದು. ಮೆತ್ತನೆಯ ಅನ್ನಕ್ಕೆ ಹೆಸರುಬೇಳೆ ತೊವ್ವೆ, ಮೊಸರನ್ನ, ಬಾಳೆಹಣ್ಣು, ಇವೆಲ್ಲ ಗಾಯದ ಮೇಲೆ ಜಾರಿಕೊಂಡು ಹೋಗುತ್ತವೆ. ಹೊಟ್ಟೆಯೂ ತುಂಬುತ್ತದೆ. ಕೂಲಿ ಕೆಲಸ ಮಾಡುವವರು ಉರಿ ಅಂತ ಉಪವಾಸ ಇರಲು ಆಗುವುದಿಲ್ಲ, ಅಲ್ವಾ. ತುತ್ತು ಸಣ್ಣದಿರಲಿ, ದವಡೆಯ ಹಲ್ಲಿನ ಕಡೆಗೆ ಇಟ್ಟು ಅಗಿಯಿರಿ.

ಖಾರ ಐದಾರು ದಿನ ಬಿಡಲೇಬೇಕು. ಬಿಸಿಯನ್ನು ಗುರುತಿಸುವ ನರವೇ ಮೆಣಸಿನಕಾಯಿಯ ಖಾರಕ್ಕೂ ಪ್ರತಿಕ್ರಿಯಿಸುತ್ತದೆ. ಮೊದಲೇ ಸುಟ್ಟು ಕೆರಳಿದ ಆ ನರಕ್ಕೆ ಸ್ವಲ್ಪ ಖಾರ ತಾಗಿದರೂ ಮತ್ತೆ ಬೆಂಕಿ ಬಿದ್ದಂತೆ ಅನ್ನಿಸುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವೇ ಜಾಸ್ತಿ, ಖಾರ ಕಡಿಮೆ ಅಂತ ಹಾವೇರಿ ಕಡೆಯವರು ಹೇಳುವುದು ನಿಜ. ಹಸಿ ಗಾಯಕ್ಕೆ ಆ ಕಡಿಮೆ ಖಾರವೂ ಹೆಚ್ಚೇ. ಶೇಂಗಾ ಚಟ್ನಿಪುಡಿಯಲ್ಲಿ ಖಾರದ ಜೊತೆ ತರಿಯೂ ಇದೆ, ಆ ತರಿ ಗಾಯದಲ್ಲಿ ಕೂತುಬಿಡುತ್ತದೆ. ನಿಂಬೆ, ಹುಣಸೆ, ಟೊಮೆಟೊ ಹುಳಿಯೂ ಸದ್ಯ ಬೇಡ. ಚಪ್ಪೆ ಅನ್ನಿಸಿದರೆ ತೊವ್ವೆಗೆ ತುಪ್ಪ, ಜೀರಿಗೆ ಹಾಕಿಕೊಳ್ಳಿ.

ಎಲೆ-ಅಡಿಕೆಯ ಬಗ್ಗೆ ನೇರವಾಗಿ ಹೇಳುತ್ತೇನೆ. ಸುಣ್ಣ ತಾನೇ ಬಾಯಿ ಸುಡುವ ವಸ್ತು, ಅಡಿಕೆ ಚೂರು ಕೆರೆಯುತ್ತದೆ. ತಂಬಾಕು ಸೇರಿದ್ದರೆ ಗಾಯ ಮಾಯುವುದು ಇನ್ನೂ ತಡ. ಇದಕ್ಕಿಂತ ದೊಡ್ಡ ಅಪಾಯವೂ ಇದೆ. ಅಡಿಕೆ, ತಂಬಾಕು ಹಾಕುವವರ ಬಾಯಲ್ಲಿ ನೋವಿಲ್ಲದ ಬಿಳಿ ಮಚ್ಚೆಗಳು ಬರುತ್ತವೆ. ಅವುಗಳಲ್ಲಿ ಕೆಲವು ಮುಂದೆ ಕ್ಯಾನ್ಸರ್ ಆಗಬಹುದು. ಚಹಾ ಸುಟ್ಟದ್ದು ಅಂತ ನಂಬಿಕೊಂಡು ಅಂಥ ಮಚ್ಚೆಯನ್ನು ತಿಂಗಳುಗಟ್ಟಲೆ ಬಿಟ್ಟವರಿದ್ದಾರೆ. ನಿಮ್ಮ ಬಿಳಿ ಪೊರೆ ಇನ್ನು ಎರಡು ಮೂರು ದಿನದಲ್ಲಿ ತಾನಾಗಿ ಬಿಡಬೇಕು, ಅಡಿಯಲ್ಲಿ ಗುಲಾಬಿ ಬಣ್ಣದ ಚರ್ಮ ಕಾಣಬೇಕು. ವಾರ, ಹತ್ತು ದಿನಕ್ಕೆ ಜಾಗ ಮೊದಲಿನಂತಾಗಬೇಕು. ಎರಡು ವಾರ ಕಳೆದರೂ ಬಿಳಿ ಅಥವಾ ಕೆಂಪು ಉಳಿದಿದ್ದರೆ, ನೋವಿಲ್ಲದಿದ್ದರೂ ತೋರಿಸಲೇಬೇಕು. ನಿಮ್ಮ ಹತ್ತಿರದ ದಂತವೈದ್ಯರೇ ಸಾಕು. ಬೇಕಾದರೆ ಧಾರವಾಡದ ಸತ್ತೂರಿನ ದಂತ ಕಾಲೇಜಿನಲ್ಲೂ ಪರೀಕ್ಷೆ ಮಾಡಿಸಬಹುದು.

ಇದೇ ಪ್ರಶ್ನೆ ಇರುವ ಬೇರೆ ಓದುಗರಿಗೆ ಎರಡು ಮಾತು. ಗುಳ್ಳೆ ಇನ್ನೂ ಒಡೆಯದಿದ್ದರೆ ಸೂಜಿ ಚುಚ್ಚಬೇಡಿ, ಅದರ ಮೇಲ್ಪದರ ಇದ್ದಷ್ಟು ದಿನ ಗಾಯಕ್ಕೆ ಮುಚ್ಚಳ. ಮೇಲಿನ ಹಲ್ಲಿನ ಸೆಟ್ ಹಾಕುವವರು ಗಾಯ ಮಾಯುವವರೆಗೆ ಊಟದ ಹೊತ್ತು ಬಿಟ್ಟು ಉಳಿದ ಸಮಯ ಅದನ್ನು ತೆಗೆದಿಡಿ. ಕೆಲವರಿಗೆ ಬಿಸಿ ಅಥವಾ ಗಟ್ಟಿ ತಿನಿಸು ತಿಂದ ಕೂಡಲೇ ಅಂಗುಳದ ಹಿಂಭಾಗದಲ್ಲಿ ಕಪ್ಪು-ಕೆಂಪು ರಕ್ತದ ಗುಳ್ಳೆ ಏಳುತ್ತದೆ. ಸಾಮಾನ್ಯವಾಗಿ ಅದು ತಾನೇ ಒಡೆದು ಮಾಯುತ್ತದೆ, ಆದರೆ ಪದೇ ಪದೇ ಬಂದರೆ ತೋರಿಸಿ. ಏನೂ ಸುಡದೆಯೇ ಬಾಯಲ್ಲಿ ಗುಳ್ಳೆಗಳು ಏಳುತ್ತಿದ್ದರೆ ಅದು ಬೇರೆ ಕಾಯಿಲೆ, ಅದಕ್ಕೆ ಮನೆಮದ್ದು ಬೇಡ. ಬಿಸಿ ಕುಡಿದ ಮೇಲೆ ದನಿ ಬದಲಾದರೆ, ಎಂಜಲು ನುಂಗಲು ಆಗದಿದ್ದರೆ, ಉಸಿರು ಎಳೆಯುವಾಗ ಶಬ್ದ ಬಂದರೆ ಗಂಟಲು ಊದುತ್ತಿದೆ ಎಂದೇ ತಿಳಿಯಿರಿ. ತಡ ಮಾಡದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಬಿಸಿ ಗುಟುಕು ಕುಡಿದ ಸಣ್ಣ ಮಕ್ಕಳಲ್ಲಿ ಇದು ಬೇಗ ಆಗಬಹುದು.

ಚಹಾ ಬಿಡಿ ಅಂತ ನಾನು ಹೇಳುವುದಿಲ್ಲ. ಈ ವಾರ ಉಗುರುಬೆಚ್ಚಗೆ ಕುಡಿಯಿರಿ, ಲೋಟ ಕೈಯಲ್ಲಿ ಆರಾಮಾಗಿ ಹಿಡಿಯಲು ಬಂದ ಮೇಲೆ. ಆಮೇಲೆ ಕೂಡ ಹಿರಿಯರ ಹಾಗೆ ಬಸಿಗೆ ಸುರಿದುಕೊಂಡು ಕುಡಿಯುವ ರೂಢಿ ಒಳ್ಳೆಯದು, ಅಗಲವಾದ ಬಸಿಯಲ್ಲಿ ಚಹಾ ಬೇಗ ಆರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯಗಳನ್ನು ಅನ್ನನಾಳದ ಕ್ಯಾನ್ಸರ್‌ಗೆ ಬಹುಶಃ ಕಾರಣವಾಗಬಲ್ಲವುಗಳ ಪಟ್ಟಿಗೆ ಸೇರಿಸಿದೆ. ಒಲೆಯಿಂದ ಇಳಿಸಿ ನೇರವಾಗಿ ಲೋಟಕ್ಕೆ ಬಿದ್ದ ಚಹಾ ಅದಕ್ಕಿಂತ ಎಷ್ಟೋ ಬಿಸಿ ಇರುತ್ತದೆ. ಅಂಗಡಿಯವರಿಗೆ ಎರಡು ಸಲ ಎತ್ತಿ ಸುರಿದು ಕೊಡಲು ಹೇಳಿ.