‘ಎಚ್ ತೆಗೆಯುವುದು’ ಅಂದ್ರೆ ಏನು ಸರ್?

ನಮ್ಮ ಡ್ರೈವಿಂಗ್ ಸ್ಕೂಲಿನ ಹೊಸ ಬ್ಯಾಚ್ ಸೋಮವಾರದಿಂದ. ಕಾರು, 21 ದಿನ, ದಿನಕ್ಕೆ ಅರ್ಧ ಗಂಟೆ. ಬೆಳಗ್ಗೆ 6.30ರಿಂದ 9, ಸಂಜೆ 4.30ರಿಂದ 6.30. ಫೀಸು 9,500 ರೂಪಾಯಿ, ಎರಡು ಕಂತು. ಲರ್ನರ್ಸ್, ಎಚ್, ರೋಡ್ ಟೆಸ್ಟ್ ಮೂರಕ್ಕೂ ನಾವು ಜೊತೆಗಿರುತ್ತೇವೆ.

ಇಷ್ಟು ಪೋಸ್ಟ್ ಹಾಕಿದ್ದಕ್ಕೆ, ಇಲ್ಲಿ ಕಾಸರಗೋಡಿನ ಉಪ್ಪಳದ ಬ್ಯಾಂಕಿಗೆ ವರ್ಗವಾಗಿ ಬಂದ ದಾವಣಗೆರೆಯ ಮೇಡಂ ಒಬ್ಬರು ಕೇಳಿದರು: “ಸರ್, ಈ ಎಚ್ ಅಂದ್ರೆ ಏನು? ಮಲಯಾಳ ಬರದವರು ಪಾಸಾಗ್ತಾರಾ?” ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ನಾವು ಮಾತಾಡುವುದು ಕನ್ನಡ, ತುಳು. ಆದರೆ ಕಾಸರಗೋಡು ಜಿಲ್ಲೆ ಕೇರಳದ್ದು, ಹಾಗಾಗಿ ಟೆಸ್ಟೂ ಕೇರಳದ್ದೇ. ಇಲ್ಲಿ ಮೈದಾನದಲ್ಲಿ ಇಂಗ್ಲಿಷಿನ ಎಚ್ ಅಕ್ಷರದ ಹಾಗೆ ಕಂಬಿ ನೆಟ್ಟಿರುತ್ತಾರೆ. ಒಂದು ಕಾಲಿನ ಬುಡದಿಂದ ತುದಿವರೆಗೆ ಮುಂದೆ ಹೋಗಬೇಕು. ಅಲ್ಲಿಂದ ರಿವರ್ಸ್‌ನಲ್ಲಿ ನಡುವಿನ ಅಡ್ಡದಾರಿ ದಾಟಿ ಇನ್ನೊಂದು ಕಾಲಿನ ಬುಡಕ್ಕೆ ಬರಬೇಕು. ಪುನಃ ಮುಂದೆ, ಪುನಃ ಹಿಂದೆ, ಹೊರಟಲ್ಲಿಗೇ ವಾಪಸ್. ಕಂಬಿಗೆ ತಾಗಿಸಬಾರದು. ಇದೇ ‘ಎಚ್ ತೆಗೆಯುವುದು’. ಬೈಕಿನವರಿಗೆ ಇದರ ಬದಲು ಎಂಟರ ಆಕಾರ. ಮೊದಲೆಲ್ಲ ಎಂಟು ಹಾಕಲಿಕ್ಕೆ ಕೈಗೇರಿನ ಹಳೇ ಎಂ80 ಗಾಡಿ ತರುತ್ತಿದ್ದೆವು, 2024ರಲ್ಲಿ ಅದು ನಿಂತಿತು.

ಎಚ್‌ನಲ್ಲಿ ಫೇಲಾಗುವವರು ಜಾಸ್ತಿ ಎಡವುವುದು ರಿವರ್ಸ್ ತಿರುವಿನಲ್ಲಿ. ಎಲ್ಲರ ಕಣ್ಣೂ ಹಿಂದಿನ ಕಂಬಿ ಮೇಲೆ. ಹಿಂದೆ ಹೋಗುವಾಗ ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಕಾರಿನ ಹಿಂಭಾಗ ಬಲಕ್ಕೆ ಹೋಗುತ್ತದೆ, ಆದರೆ ಮೂತಿ ಎಡಕ್ಕೆ ಬೀಸುತ್ತದೆ ಅಲ್ವಾ? ಹಿಂದೆ ಸರಿಯಾಗಿಯೇ ಹೋಗಿರುತ್ತಾರೆ, ಮುಂದಿನ ಬಂಪರ್ ಟಕ್ಕಂತ ಕಂಬಿಗೆ ತಾಗುತ್ತದೆ. ಅದಕ್ಕೇ ಸ್ಟೇರಿಂಗ್ ತಿರುಗಿಸುವ ಮೊದಲು ಮುಂದಿನ ಮೂಲೆ ಒಮ್ಮೆ ನೋಡಿ ಅನ್ನುತ್ತೇನೆ. ಇನ್ನೊಂದು ತೊಂದರೆ ಕ್ಲಚ್ಚಿನದು. ಹೆದರಿಕೆಯಲ್ಲಿ ಕಾಲು ಪೂರ್ತಿ ಬಿಟ್ಟರೆ ಗಾಡಿ ಆಫ್. ಹಾಫ್ ಕ್ಲಚ್ಚಿನಲ್ಲಿ ಆಮೆ ಹಾಗೆ ಹೋಗಲಿ, ಯಾರೂ ಓಡಿಸಲು ಹೇಳಿಲ್ಲ.

ಕೆಲವು ಕಡೆ ಹಿಂದಿನ ಗಾಜಿನಲ್ಲಿ ಸ್ಟಿಕ್ಕರ್ ಅಂಟಿಸಿ, “ಕಂಬಿ ಇಲ್ಲಿಗೆ ಬಂದಾಗ ಫುಲ್ ತಿರುಗಿಸಿ” ಅಂತ ಬಾಯಿಪಾಠ ಮಾಡಿಸುತ್ತಾರೆ. ನಾನೂ ಮೊದಲು ಹಾಗೇ ಮಾಡುತ್ತಿದ್ದೆ. ಹಾಗೆ ಕಲಿತ ಒಬ್ಬ ಹುಡುಗ ಎಚ್ ಸಲೀಸಾಗಿ ತೆಗೆದ. ಆಮೇಲೆ ಅವನ ಅಪ್ಪನ ಕಾರು ಮನೆಯ ಗೇಟಿನೊಳಗೆ ಹಾಕಲಿಕ್ಕೆ ಆಗಲಿಲ್ಲ, ಯಾಕಂದ್ರೆ ಆ ಕಾರಿನಲ್ಲಿ ಸ್ಟಿಕ್ಕರ್ ಇರಲಿಲ್ಲ! ಅಂದಿನಿಂದ ಸ್ಟಿಕ್ಕರ್ ಕಿತ್ತು ಹಾಕಿದ್ದೇನೆ.

21 ದಿನ ಯಾಕೆ ಅಂತ ಕೇಳುವವರೂ ಉಂಟು. ಡ್ರೈವಿಂಗ್ ಸ್ಕೂಲಿನವರು ಸ್ವಂತ ಬಳಕೆಯ ಕಾರಿಗೆ ಕಡಿಮೆಯೆಂದರೆ 21 ದಿನ ಕಲಿಸಬೇಕು, ಕಲಿಯುವವರು 10 ಗಂಟೆ ಓಡಿಸಿರಬೇಕು ಅಂತ ಕೇಂದ್ರದ ನಿಯಮ ಇದೆ. ಅರ್ಧ ಗಂಟೆಯಂತೆ 21 ದಿನ ಅಂದ್ರೆ ಹತ್ತೂವರೆ ಗಂಟೆ. ಇದು ನೀವು ಸ್ಟೇರಿಂಗ್ ಹಿಡಿದ ಲೆಕ್ಕ, ಹಿಂದಿನ ಸೀಟಿನಲ್ಲಿ ಕೂತು ಬೇರೆಯವರನ್ನು ನೋಡಿದ್ದಲ್ಲ. ಬೇರೆಲ್ಲಾದರೂ ಸೇರುವುದಾದರೂ ಇದೊಂದನ್ನು ಕೇಳಿ ಸೇರಿ.

ಸರ್ಕಾರಿ ಶುಲ್ಕ ನಮ್ಮ ಫೀಸಿನಲ್ಲಿ ಸೇರಿಲ್ಲ. ಕೇಂದ್ರದ ದರದಂತೆ ಒಂದು ಬಗೆಯ ವಾಹನಕ್ಕೆ ಲರ್ನರ್ಸ್ 150, ಅದರ ಪರೀಕ್ಷೆಗೆ 50, ಡ್ರೈವಿಂಗ್ ಟೆಸ್ಟ್‌ಗೆ 300, ಲೈಸೆನ್ಸ್‌ಗೆ 200, ಒಟ್ಟು 700. ರಾಜ್ಯದ ಸೇವಾ ಶುಲ್ಕ, ಡಾಕ್ಟರ ಸರ್ಟಿಫಿಕೇಟು ಬೇರೆ. ರಸೀದಿ ನಿಮ್ಮ ಕೈಗೇ ಕೊಡುತ್ತೇವೆ.

ಲರ್ನರ್ಸ್ ಸಿಕ್ಕಿ 30 ದಿನ ಆಗದೆ ಟೆಸ್ಟ್‌ಗೆ ಹೋಗುವಂತಿಲ್ಲ. ಅದರ ಅವಧಿ 6 ತಿಂಗಳು. ಹಾಗಾಗಿ ಲರ್ನರ್ಸ್ ಸಿಕ್ಕಿದ ಮೊದಲ ವಾರದಲ್ಲೇ ಕ್ಲಾಸಿಗೆ ಬಂದರೆ ಕಲಿತದ್ದು ಮರೆಯುವ ಮೊದಲು ಟೆಸ್ಟ್ ಆಗುತ್ತದೆ. ಫೇಲಾದರೆ 7 ದಿನ ಬಿಟ್ಟು ಮತ್ತೆ ಹೋಗಬಹುದು. ಮೂರು ಸಲ ಫೇಲಾದರೆ ಮಾತ್ರ 60 ದಿನ ಕಾಯಬೇಕು.

ಇನ್ನು ಮಲಯಾಳದ ವಿಷಯ. ರೋಡ್ ಟೆಸ್ಟ್‌ನಲ್ಲಿ ಟೆಸ್ಟ್ ಮಾಡುವ ಸಾಹೇಬರು ಪಕ್ಕದಲ್ಲಿ ಕೂತು ಹೇಳುವುದು ನಾಲ್ಕೈದೇ ಮಾತು. ‘ಇಡತ್ತು’ ಅಂದ್ರೆ ಎಡ, ‘ವಲತ್ತು’ ಅಂದ್ರೆ ಬಲ. ನಮ್ಮ ಬಕಾರದ ಜಾಗದಲ್ಲಿ ಅವರಿಗೆ ವಕಾರ, ಅಷ್ಟೆ. ‘ಮುನ್ನೋಟ್ಟು’ ಮುಂದೆ, ‘ಪಿನ್ನೋಟ್ಟು’ ಹಿಂದೆ, ‘ನಿರ್ತ್ತು’ ಅಂದ್ರೆ ನಿಲ್ಲಿಸು. ಕೊನೆಯ ವಾರ ನಾನೂ ಪಕ್ಕದಲ್ಲಿ ಕೂತು ಇದೇ ಮಾತಿನಲ್ಲಿ ಹೇಳುತ್ತೇನೆ, ಕಿವಿಗೆ ರೂಢಿಯಾಗಲಿ ಅಂತ. ಅರ್ಥ ಆಗದಿದ್ದರೆ ಇನ್ನೊಮ್ಮೆ ಕೇಳಿ. ಸುಮ್ನೆ ಊಹಿಸಿ ತಿರುಗಿಸುವುದೇ ಅಪಾಯ.

ಗಡಿಯ ತಲಪಾಡಿ ದಾಟಿ ಮಂಗಳೂರಿನಲ್ಲಿ ಲೈಸೆನ್ಸ್ ಮಾಡಿಸಬಹುದಾ ಅಂತಲೂ ಮೇಡಂ ಕೇಳಿದರು. ವಾಸ ಅಥವಾ ವ್ಯವಹಾರ ಇರುವ ರಾಜ್ಯದಲ್ಲಿ, ಇಲ್ಲವೇ ಡ್ರೈವಿಂಗ್ ಸ್ಕೂಲ್ ಇರುವ ರಾಜ್ಯದಲ್ಲಿ ಅರ್ಜಿ ಹಾಕಲು ಕಾನೂನಿನಲ್ಲಿ ಜಾಗ ಉಂಟು. ಎಲ್ಲಿ ಮಾಡಿಸಿದರೂ ಲೈಸೆನ್ಸ್ ಇಡೀ ದೇಶಕ್ಕೆ ನಡೆಯುತ್ತದೆ. ಮೇಡಂ ಇಲ್ಲೇ ಸೇರಿದರು, ಬೆಳಗ್ಗೆ ಏಳರ ಕ್ಲಾಸು. ಆ ಹೊತ್ತಿನ ಹಿಂದೆ ಮುಂದೆ ಇನ್ನೂ ಎರಡು ಜಾಗ ಖಾಲಿ ಇದೆ. ಬರುವಾಗ ಆಧಾರ್, ಫೋಟೊ ತನ್ನಿ, ಹೀಲ್ಸ್ ಚಪ್ಪಲಿ ಮಾತ್ರ ಬೇಡ.