ಅರ್ಧ ಟಿಕೆಟ್ ಇದೆ, ಅರ್ಧ ಬೆಲ್ಟ್ ಇಲ್ಲ

ಪ್ರಶ್ನೆ: ನಮ್ಮದು ಐದು ಸೀಟಿನ ಕಾರು. ಊರಿಗೆ ಹೊರಟರೆ ಮಕ್ಕಳೂ ಸೇರಿ ಏಳು ಜನ. ನಲವತ್ತರ ವೇಗದಲ್ಲಿ ಹೋಗುವಾಗ ಮಕ್ಕಳು ಸನ್‌ರೂಫ್‌ನಿಂದ ಹೊರಗೆ ನಿಂತರೆ ಅಂಥ ಅಪಾಯವೇನು? ಮಕ್ಕಳದ್ದು ಅರ್ಧ ಸೀಟಿನ ಲೆಕ್ಕ ತಾನೆ? ದಂಡ ಎಷ್ಟು?

ಉತ್ತರ: ನಲವತ್ತು ಕಿಲೋಮೀಟರ್ ವೇಗ ಎಂದರೆ ಸೆಕೆಂಡಿಗೆ ಹನ್ನೊಂದು ಮೀಟರ್. ಆ ವೇಗದಲ್ಲಿ ತಲೆಗೆ ಏನಾದರೂ ಬಡಿದರೆ ಆರು ಮೀಟರ್ ಎತ್ತರದಿಂದ, ಅಂದರೆ ಎರಡನೇ ಮಹಡಿಯಿಂದ ಬಿದ್ದಷ್ಟೇ ಪೆಟ್ಟು. ಹಾಗಾಗಿ 'ನಿಧಾನ' ಎಂಬುದು ಕಾರಿನ ಒಳಗೆ ಕುಳಿತವರ ಮಾತು.

ಎತ್ತರವನ್ನೂ ಅಳೆದು ನೋಡಿ. ಎಸ್‌ಯುವಿಯ ಮೇಲ್ಛಾವಣಿ ನೆಲದಿಂದ ಸುಮಾರು ಐದೂವರೆ ಅಡಿ. ಸೀಟಿನ ಮೇಲೆ ನಿಂತ ಹತ್ತು ವರ್ಷದ ಹುಡುಗನ ತಲೆ ಹೆಚ್ಚೂಕಡಿಮೆ ಏಳಡಿಗೆ ಹೋಗುತ್ತದೆ. ಡ್ರೈವರ್ ಅಂದಾಜು ಹಾಕುವುದು ಕಾರು ದಾಟುತ್ತದೆಯೇ ಎಂದು. ಜೋತುಬಿದ್ದ ಕೇಬಲ್ಲಿಗೋ ಮರದ ಕೊಂಬೆಗೋ ಹುಡುಗನ ತಲೆ ತಾಗುತ್ತದೆಯೇ ಎಂದು ಅವನಿಗೆ ಹೊಳೆಯುವುದೇ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ವಿದ್ಯಾರಣ್ಯಪುರದ ಬಳಿ ಆದದ್ದು ಇದೇ: ಎತ್ತರದ ವಾಹನ ತಡೆಯಲು ಹಾಕಿದ್ದ ಕಬ್ಬಿಣದ ಕಮಾನಿನಡಿ ಕಾರು ಸಲೀಸಾಗಿ ದಾಟಿತು, ಸನ್‌ರೂಫ್‌ನಲ್ಲಿ ನಿಂತಿದ್ದ ಮಗುವಿನ ತಲೆ ಕಮಾನಿಗೆ ಬಡಿಯಿತು.

ಮೇಲೆ ಏನೂ ಅಡ್ಡ ಬಾರದಿದ್ದರೂ ಗಟ್ಟಿ ಬ್ರೇಕ್ ಸಾಕು. ಕಾರು ನಿಲ್ಲುತ್ತದೆ, ನಿಂತ ಮಗು ಮುಂದಕ್ಕೇ ಹೋಗುತ್ತದೆ. ಎದೆಗೋ ಹೊಟ್ಟೆಗೋ ಸನ್‌ರೂಫ್‌ನ ಅಂಚು ಒತ್ತುತ್ತದೆ, ತಲೆ ಛಾವಣಿಗೆ ಬಗ್ಗಿ ಬಡಿಯುತ್ತದೆ.

ಅರ್ಧ ಟಿಕೆಟ್ ಬಸ್ಸಿನ ದರದ ಲೆಕ್ಕ, ಕಾರಿಗೆ ಅನ್ವಯಿಸುವುದಿಲ್ಲ. ನಿಮ್ಮ ಆರ್‌ಸಿಯಲ್ಲಿ ನಮೂದಾದ ಐದರಲ್ಲಿ ಡ್ರೈವರೂ ಸೇರಿದ್ದಾರೆ, ಬೆಲ್ಟ್ ಇರುವುದೂ ಐದೇ. ಮಿಕ್ಕ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರಾಯಿತು ಎನ್ನಬೇಡಿ. ಇಪ್ಪತ್ತು ಕಿಲೋ ತೂಕದ ಮಗು, ಕಾರು ಇದೇ ವೇಗದಲ್ಲಿ ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, ಕೈಯನ್ನು ಇನ್ನೂರು ಕಿಲೋಗೂ ಮಿಕ್ಕಿದ ಬಲದಿಂದ ಎಳೆಯುತ್ತದೆ. ಯಾವ ತಾಯಿಯ ತೋಳೂ ತಡೆಯದು. ಒಂದೇ ಬೆಲ್ಟಿನಲ್ಲಿ ಇಬ್ಬರನ್ನು ಕಟ್ಟಿದರೆ ದೊಡ್ಡವರ ಭಾರ ಮಗುವಿನ ಮೇಲೇ ಬೀಳುತ್ತದೆ.

ದಂಡದ ವಿಷಯದಲ್ಲಿ ಜನ ಎರಡನ್ನು ಕಲಸುತ್ತಾರೆ. ಹೆಚ್ಚಾದ ತಲೆಗೆ ಇನ್ನೂರು ರೂಪಾಯಿ ಎಂಬ, 1988ರ ಮೋಟಾರು ವಾಹನ ಕಾಯ್ದೆಯ 194ಎ ಸೆಕ್ಷನ್ ಬಾಡಿಗೆ ವಾಹನಗಳಿಗೆ. ಹೆಚ್ಚಾದವರನ್ನು ಇಳಿಸಿ ಬೇರೆ ವ್ಯವಸ್ಥೆ ಆಗುವವರೆಗೆ ಗಾಡಿಯನ್ನೂ ಬಿಡುವಂತಿಲ್ಲ. ಸ್ವಂತ ಕಾರಿಗೆ ತಾಗುವುದು 194ಬಿ: ಹದಿನಾಲ್ಕರೊಳಗಿನ ಮಗುವಿಗೆ ಬೆಲ್ಟ್ ಇಲ್ಲವೆಂದರೆ ಸಾವಿರ ರೂಪಾಯಿ. ಸನ್‌ರೂಫ್‌ಗೆ ಅದೇ ಕಾಯ್ದೆಯ 123ನೇ ಸೆಕ್ಷನ್ ಇದೆ. ಬಸ್ಸಿನ ಫುಟ್‌ಬೋರ್ಡಿಗೂ ಅದೇ. ವಾಹನದ ಒಡಲಿನಾಚೆ ಯಾರನ್ನೂ ಒಯ್ಯುವಂತಿಲ್ಲ ಎನ್ನುತ್ತದೆ, ಡ್ರೈವರನ್ನೇ ಹೊಣೆ ಮಾಡುತ್ತದೆ.

ಏಳು ಜನಕ್ಕೆ ಏಳು ಸೀಟಿನ ಬಾಡಿಗೆ ಕಾರು ಹೇಳುವಾಗ ಒಂದು ನೋಡಿಕೊಳ್ಳಿ: ಕೊನೆಯ ಸಾಲಿನ ಬೆಲ್ಟುಗಳು ಸೀಟಿನ ಸಂದಿಯಲ್ಲಿ ಸಿಕ್ಕಿಕೊಂಡಿರುತ್ತವೆ, ಹೊರಡುವ ಮೊದಲೇ ಎಳೆದು ತೆಗೆಸಿ.